ಸಾಕ್ಷಿ ಹೆದರಿದ್ದಾನೆ

ಜೈಲಿನ ಆಫೀಸಿನಲ್ಲಿ ನಾನು ಹನ್ನೊಂದು ವರ್ಷದಿಂದ ತಾತ್ಕಾಲಿಕ ಗುಮಾಸ್ತ. ನೇಮಕದ ಆದೇಶ, ವರ್ಗಾವಣೆ, ರಜೆ, ಸೇವಾ ಪುಸ್ತಕ ಎಲ್ಲ ನನ್ನ ಮೇಜಿನ ಮೇಲೇ ಹಾದುಹೋಗುತ್ತವೆ. ಹೊಸದಾಗಿ ಬರುವ ಪ್ರತಿಯೊಬ್ಬ ವಾರ್ಡರ್‌ನ ಆದೇಶದಲ್ಲೂ ಒಂದು ಸಾಲು ಇರುತ್ತದೆ: ಸರ್ಕಾರದ ಇಚ್ಛೆ ಇರುವಷ್ಟು ಕಾಲ ಈ ಹುದ್ದೆಯಲ್ಲಿರತಕ್ಕದ್ದು. ಆ ಸಾಲನ್ನು ಬೆರಳು ತಾನಾಗಿ ಟೈಪ್ ಮಾಡುತ್ತಿತ್ತು. ಬೆಳಗಾದರೆ ಅಮ್ಮ ಹೇಳುವ ದೇವರ ಪದ್ಯಗಳಲ್ಲೂ ಎಲ್ಲ ಅವನ ಇಚ್ಛೆ ಇರುವವರೆಗೆ ಎಂಬ ಮಾತು ಬರುತ್ತದೆ. ಹಾಗಾಗಿ ನನಗೆ ಅದು ಎಂದೂ ಕಹಿ ಅನಿಸಿರಲಿಲ್ಲ. ಯಾರ ಇಚ್ಛೆ ಎಂದು ಕೇಳಬೇಕು ಅಂತಲೇ ಹೊಳೆದಿರಲಿಲ್ಲ.

ಕೇಳಿದವನು ಎಣಿಕೆಯಣ್ಣ.

ಅವನು ಹೆಡ್ ವಾರ್ಡರ್. ಇಪ್ಪತ್ತೆರಡು ವರ್ಷ ಸಂಜೆ ಬೀಗ ಹಾಕುವ ಹೊತ್ತಿಗೆ ಕೈದಿಗಳನ್ನು ಎಣಿಸಿ ಎಣಿಸಿ, ಕಂಡದ್ದನ್ನೆಲ್ಲ ಎಣಿಸುವ ಚಟ ಹತ್ತಿದ್ದರಿಂದ ಆ ಹೆಸರು. ನನ್ನ ಕೋಣೆಗೆ ಬಂದರೆ ಕೂರುವ ಮೊದಲೇ ಕಪಾಟಿನ ಫೈಲುಗಳನ್ನು ಕಣ್ಣಲ್ಲೇ ಲೆಕ್ಕ ಹಾಕಿ, "ಗುಮಾಸ್ತ್ರೇ, ನಿನ್ನೆಗಿಂತ ಎರಡು ಕಮ್ಮಿ. ಯಾವನ ಹಣೆಬರಹ ಎತ್ಕೊಂಡು ಹೋದ್ರು?" ಎನ್ನುತ್ತಿದ್ದ. ಒಳಗಿರುವವರಿಗಾದರೂ ಬಿಡುಗಡೆಯ ತಾರೀಖು ಗೊತ್ತು, ನಮಗೇ ಗೊತ್ತಿಲ್ಲ ಎಂದು ನಗಿಸುತ್ತಿದ್ದ.

ಅವನನ್ನು ವಜಾ ಮಾಡಿದ ಆದೇಶವನ್ನು ಟೈಪ್ ಮಾಡಿದವನು ನಾನೇ.

ಆದದ್ದು ಇಷ್ಟು. ಮೇಲಿನಿಂದ ತಪಾಸಣೆ ಬರುವುದಿತ್ತು. ಆ ಸಂಜೆ ಹಾಜರಿಗೆ ಇಬ್ಬರು ಕಾವಲುಗಾರರು ಬಂದಿರಲಿಲ್ಲ. ಉತ್ತರದ ಗೋಪುರ ಖಾಲಿ. ಅಂಗಳದಲ್ಲಿ ಆರು ಜನ ವಾರ್ಡರ್‌ಗಳು ಸಾಲಾಗಿ, ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರು. ಮೇಜಿನ ಆಚೆ ಸೂಪರಿಂಟೆಂಡೆಂಟ್ ಸಾಹೇಬರು, ಈಚೆ ಎಣಿಕೆಯಣ್ಣ, ಅವನ ಪಕ್ಕ ಹಾಜರಿ ಪುಸ್ತಕ ಹಿಡಿದ ನಾನು. ಎಲ್ಲರೂ ಹಾಜರು ಎಂದು ಬರೆದು ಸಹಿ ಹಾಕು ಎಂದು ಅವನಿಗೆ ಹೇಳಿದರು ಸಾಹೇಬರು. ಎಣಿಕೆಯಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ, "ನಾನು ಎಣಿಸ್ದೆ ಇರೋ ಎಣಿಕೆಗೆ ಸಹಿ ಹಾಕೋದಿಲ್ಲ ಸಾರ್," ಎಂದ. ದನಿ ಏರಲಿಲ್ಲ. 'ಎಣಿಕೆಗೆ' ಎಂದಾದ ಮೇಲೆ ಒಂದು ಉಸಿರಿನಷ್ಟು ನಿಂತು ಮುಂದಿನ ಮಾತು ಹೇಳಿದ. ಚಿಕ್ಕಂದಿನಿಂದ ಅಮ್ಮನ ಓದು ಕೇಳಿ ಬೆಳೆದವನಿಗೆ ಮಾತು ಎಲ್ಲಿ ಉಸಿರು ತೆಗೆದುಕೊಂಡಿತು ಎಂಬುದು ಮರೆಯುವುದಿಲ್ಲ. ಅದರಾಚೆಗೆ ಅವನು ಒಂದು ಅಕ್ಷರ ಹೇಳಲಿಲ್ಲ.

ನಾಲ್ಕನೆಯ ದಿನ ಸಾಹೇಬರು ಕರಡು ಕೊಟ್ಟರು. ಶಿಸ್ತು ಮೀರಿ ಮೇಲಧಿಕಾರಿಗೆ ಬೆದರಿಕೆ ಹಾಕಿದ್ದು, ಸಿಬ್ಬಂದಿಯನ್ನು ಎತ್ತಿಕಟ್ಟಿದ್ದು, ವಿಚಾರಣೆ ನಡೆಸುವುದು ಕಾರ್ಯಸಾಧ್ಯವಲ್ಲ, ಕಾರಣಗಳನ್ನು ಪ್ರತ್ಯೇಕವಾಗಿ ದಾಖಲಿಸಲಾಗಿದೆ, ಆದ್ದರಿಂದ ವಜಾ. ಆ ಪ್ರತ್ಯೇಕ ಟಿಪ್ಪಣಿ ಗೋಪ್ಯ ಫೈಲಿನಲ್ಲಿ, ಸಾಹೇಬರ ಬೀರುವಿನಲ್ಲಿ. ನಾನು ನೋಡಿರಲಿಲ್ಲ. ನನ್ನ ಬೆರಳು ಒಂದು ಕಡೆಯೂ ತಪ್ಪು ಮಾಡಲಿಲ್ಲ. ಮೂರು ಪ್ರತಿ ತೆಗೆದೆ.

ಆದೇಶ ಕೈಗೆ ಕೊಟ್ಟಾಗ ಎಣಿಕೆಯಣ್ಣ ನಿಂತುಕೊಂಡೇ ಎರಡು ಸಲ ಓದಿದ. "ಹದಿನೇಳು ಸಾಲು," ಎಂದ. ಆಮೇಲೆ, "ನನ್ನನ್ನ ಒಂದು ಮಾತು ಕೇಳ್ಬೇಕಿತ್ತಲ್ವಾ? ಕೈದಿಗೂ ಕೇಳ್ತಾರೆ. ಇದು ಯಾರ ಇಚ್ಛೆ ಗುಮಾಸ್ತ್ರೇ?" ಎಂದು ಕೇಳಿದ. ಸ್ವೀಕೃತಿಗೆ ಸಹಿ ಮಾಡಿಸಿಕೊಳ್ಳುವ ನೆಪದಲ್ಲಿ ನಾನು ತಲೆ ಎತ್ತಲಿಲ್ಲ.

ಇಲಾಖೆಯ ಮೇಲಿನವರಿಗೆ ಅಪೀಲು ಹಾಕಿದ. ಎಂಟು ತಿಂಗಳಾದ ಮೇಲೆ ಎರಡು ಸಾಲಿನಲ್ಲಿ ತಿರಸ್ಕಾರವಾಯಿತು. ಕ್ವಾರ್ಟರ್ಸ್ ಖಾಲಿ ಮಾಡಿಸಿದರು. ನ್ಯಾಯಮಂಡಳಿಗೆ ಹೋದ. ಇನ್ನೂ ಒಂದೂವರೆ ವರ್ಷ ಕಳೆಯಿತು.

ಒಂದು ಭಾನುವಾರ ಅವನ ಹೆಂಡತಿ ನಮ್ಮ ಮನೆಗೆ ಬಂದಳು. ನಮ್ಮದೂ ಜೈಲಿನ ಗೋಡೆಗೆ ಹೊಂದಿಕೊಂಡ ಕ್ವಾರ್ಟರ್ಸೇ, ಕೆಲಸ ಇರುವ ತನಕದ ಮನೆ. ಅಮ್ಮ ಒಳಗೆ ಮಲಗಿದ್ದಳು. ಕಣ್ಣು ಹೋದ ಮೇಲೆ ಆ ಎರಡು ಕೋಣೆಗಳನ್ನು ಗೋಡೆ ಮುಟ್ಟಿಮುಟ್ಟಿ ಕಲಿತುಕೊಂಡಿದ್ದಳು. ಬಂದಾಕೆ ಕೂರಲಿಲ್ಲ. ಚೀಲದಿಂದ ಒಂದು ಜೆರಾಕ್ಸ್ ಹಾಳೆ ತೆಗೆದು ನನ್ನ ಮುಂದೆ ಹಿಡಿದಳು. ಸರ್ಕಾರ ನ್ಯಾಯಮಂಡಳಿಗೆ ಹಾಕಿದ ಉತ್ತರದ ಜೊತೆ ಬಂದ ಗೋಪ್ಯ ಟಿಪ್ಪಣಿ ಅದು. ಸಾಹೇಬರ ದುಂಡು ಅಕ್ಷರ. ಆಪಾದಿತನು ಸಿಬ್ಬಂದಿಯಲ್ಲಿ ಭೀತಿ ಹುಟ್ಟಿಸಿದ್ದಾನೆ. ಘಟನೆಯನ್ನು ಹತ್ತಿರದಿಂದ ಕಂಡ ಏಕೈಕ ಸಾಕ್ಷಿಯಾದ ಗುಮಾಸ್ತನು ಜೀವಭಯದಿಂದ ಹೇಳಿಕೆ ಕೊಡಲು ನಿರಾಕರಿಸಿದ್ದಾನೆ. ಆದ್ದರಿಂದ ವಿಚಾರಣೆ ಕಾರ್ಯಸಾಧ್ಯವಲ್ಲ.

ಏಕೈಕ ಸಾಕ್ಷಿ ನಾನು.

"ಅಣ್ಣಾ, ನಿಮ್ಮನ್ನ ಯಾರಾದ್ರೂ ಕೇಳಿದ್ರಾ?" ಎಂದಳು.

"ಇಲ್ಲಮ್ಮ."

"ನಮ್ಮೋರನ್ನ ಕಂಡ್ರೆ ನಿಮಗೆ ಭಯನಾ?"

ಇಲ್ಲ ಎಂದೆ. ಅಮ್ಮನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದವನೇ ಅವನು. ಭಯ ಎಲ್ಲಿಯದು?

"ಅಷ್ಟನ್ನೇ ಬರ್ದು ಕೊಡಿ. ಅವರು ತಪ್ಪು ಮಾಡಿಲ್ಲ ಅಂತ ಬರೀಬೇಡಿ. ಭಯ ಇಲ್ಲ, ಕೇಳಿದ್ರೆ ಹೇಳ್ತೀನಿ ಅಂತ ಅಷ್ಟೇ."

ಅವರ ವಕೀಲರನ್ನು ಮರುದಿನ ಸಂಜೆ ನೋಡಿದೆ. ಕಿರಿದಾದ ಕೋಣೆ, ಕಿಟಕಿಯವರೆಗೂ ಫೈಲು. ಇಚ್ಛೆ ಇರುವವರೆಗೆ ಎಂಬ ಮಾತು ಹಳೆಯದು, ಆದರೆ ಅದಕ್ಕೊಂದು ಬೇಲಿ ಇದೆ ಎಂದು ವಿವರಿಸಿದರು. ನೇಮಿಸಿದವರಿಗಿಂತ ಕೆಳಗಿನವರು ವಜಾ ಮಾಡುವಂತಿಲ್ಲ. ಇವನನ್ನು ನೇಮಿಸಿದ್ದೂ ಆಗಿನ ಸೂಪರಿಂಟೆಂಡೆಂಟೇ ಆದ್ದರಿಂದ ಆ ದಾರಿ ಇಲ್ಲ. ಇನ್ನೊಂದು, ಆರೋಪ ತಿಳಿಸಿ, ಅವನ ಮಾತು ಕೇಳಿ, ವಿಚಾರಣೆ ನಡೆಸದೆ ತೆಗೆಯುವಂತಿಲ್ಲ. ಆ ಬೇಲಿಯಲ್ಲಿ ಮೂರೇ ಗೇಟು: ಕ್ರಿಮಿನಲ್ ಕೋರ್ಟಿನಲ್ಲಿ ಶಿಕ್ಷೆಯಾಗಿದ್ದರೆ, ದೇಶದ ಭದ್ರತೆಯ ವಿಷಯವಾದರೆ, ಅಥವಾ ವಿಚಾರಣೆ ನಡೆಸುವುದೇ ಸಾಧ್ಯವಿಲ್ಲದಿದ್ದರೆ. ಸಾಹೇಬರು ಬಳಸಿದ್ದು ಕೊನೆಯದನ್ನು. ಅದಕ್ಕೆ ಕಾರಣವನ್ನು ಮೊದಲೇ ಬರೆದಿಡಬೇಕು, ಬರೆದಿದ್ದಾರೆ. ಕಾರಣ ಎಷ್ಟು ಗಟ್ಟಿ ಎಂದು ನ್ಯಾಯಮಂಡಳಿ ತೂಗುವುದಿಲ್ಲ. ಕಾರಣವೇ ಇರಲಿಲ್ಲ, ಕಟ್ಟಿದ್ದು ಎಂದು ಕಂಡರೆ ಮಾತ್ರ ರದ್ದು ಮಾಡುತ್ತದೆ.

"ರದ್ದಾದ್ರೆ ಅವನೇನೂ ನಿರಪರಾಧಿ ಆಗಿಬಿಡೋದಿಲ್ಲ," ಎಂದರು. "ಬೇಕಾದ್ರೆ ವಿಚಾರಣೆ ಮಾಡ್ಲಿ. ಅವನು ಕೇಳ್ತಿರೋದೂ ಅದನ್ನೇ. ಆದ್ರೆ ಕಾರಣ ಇರ್ಲಿಲ್ಲ ಅಂತ ಹೇಳೋಕೆ ನೀವೊಬ್ರೇ ಇರೋದು."

ನನ್ನ ಗತಿ ಏನು ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ತಾತ್ಕಾಲಿಕ ನೌಕರನಿಗೆ ಒಂದು ತಿಂಗಳ ನೋಟಿಸು ಸಾಕು. ಸೇವೆ ಇನ್ನು ಅಗತ್ಯವಿಲ್ಲ ಎಂದು ಬರೆದರೆ ಆಪಾದನೆಯೂ ಬೇಡ, ವಿಚಾರಣೆಯೂ ಬೇಡ. ಒಳಗೆ ಅದು ಶಿಕ್ಷೆಯೇ ಎಂದು ಸಾಬೀತು ಮಾಡಿದರೆ ಅದನ್ನೂ ರದ್ದು ಮಾಡಿಸಬಹುದು. "ಸುಳ್ಳು ಹೇಳೋಲ್ಲ. ಐದಾರು ವರ್ಷ ಹಿಡಿಯುತ್ತೆ," ಎಂದರು. ನಾಲ್ಕು ಸಾಲಿನ ಪ್ರಮಾಣಪತ್ರ ಟೈಪ್ ಮಾಡಿಸಿ ಕೈಗಿಟ್ಟರು. ಸಹಿ ಮಾಡುವ ಮನಸ್ಸಾದರೆ ವಾಯಿದೆಯ ದಿನ ತಂದುಕೊಟ್ಟರೂ ಆಗುತ್ತದೆ, ಸ್ವೀಕರಿಸಲು ಕೇಳಿಕೊಳ್ಳುತ್ತೇನೆ ಎಂದರು.

ಮನೆಗೆ ಬಂದು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸದೆ ಕೇಳಿದಳು. "ನಿಜ ತಾನೇ ಇದು? ಮಾಡಿ ಸಹಿ," ಎಂದಳು. ಕೊನೆಯ ಪಾತ್ರೆ ಬೋರಲು ಹಾಕಿ, "ಅತ್ತೆಗೆ ಹೊಸ ಮನೆ ಗೋಡೆ ಕಲಿಸೋದು ಕಷ್ಟ," ಎಂದಳು. ಎರಡೂ ಮಾತು ಅವಳು ಮನಸಾರೆ ಹೇಳಿದ್ದೇ.

ಆ ಹಾಳೆ ಹನ್ನೆರಡು ದಿನ ನನ್ನ ಅಂಗಿಯ ಒಳಜೇಬಿನಲ್ಲಿತ್ತು. ಬೆಳಗ್ಗೆ ಅಮ್ಮ ಪದ್ಯ ಹೇಳುವಾಗ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದೆ. ಪ್ರತಿ ದಿನವೂ ಇವತ್ತು ಮಾಡುತ್ತೇನೆ ಎಂದುಕೊಂಡೇ ಏಳುತ್ತಿದ್ದೆ.

ವಾಯಿದೆಯ ಹಿಂದಿನ ದಿನ ಸಾಹೇಬರು ಕರೆದರು. ನ್ಯಾಯಮಂಡಳಿಯವರು ಮೂಲ ಫೈಲು ಕೇಳಿದ್ದಾರೆ, ನೀನೇ ತಗೊಂಡು ಹೋಗು ಎಂದರು. ಬೇರೆ ಏನೂ ಹೇಳಲಿಲ್ಲ. ಅವರ ಮೇಜಿನ ಮೇಲೆ ನನ್ನ ಸೇವಾ ಪುಸ್ತಕ ಇತ್ತು. ತೆರೆದಿರಲಿಲ್ಲ, ಸುಮ್ಮನೆ ಇತ್ತು.

ನ್ಯಾಯಮಂಡಳಿಯ ಕೋಣೆ ಚಿಕ್ಕದು. ಎತ್ತರದ ಪೀಠದ ಮೇಲೆ ಇಬ್ಬರು. ಬಲಗಡೆ ಸರ್ಕಾರಿ ವಕೀಲರು, ಅವರ ಹಿಂದಿನ ಬೆಂಚಿನಲ್ಲಿ ಕೆಂಪು ದಾರ ಕಟ್ಟಿದ ಫೈಲು ತೊಡೆಯ ಮೇಲಿಟ್ಟುಕೊಂಡು ನಾನು. ಎಡಗಡೆ ಕೊನೆಯ ಸಾಲಿನಲ್ಲಿ ಎಣಿಕೆಯಣ್ಣ ಮತ್ತು ಅವನ ಹೆಂಡತಿ. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ. ಖಾಕಿ ಇಲ್ಲದೆ ಅವನನ್ನು ನಾನು ಕಂಡದ್ದು ಕಡಿಮೆ. ಹೆಗಲು ಇಳಿದಿತ್ತು.

ಅವರ ವಕೀಲರು ನನ್ನ ಕಡೆ ಒಮ್ಮೆ ನೋಡಿದರು. ನಾನು ಫೈಲಿನ ದಾರ ನೋಡಿದೆ. ಅವರು ವಾದ ಶುರು ಮಾಡಿದರು. ಸಾಕ್ಷಿ ಹೆದರಿದ್ದ ಎನ್ನುವುದಕ್ಕೆ ಟಿಪ್ಪಣಿ ಬಿಟ್ಟು ಬೇರೆ ಒಂದು ಚೂರು ಕಾಗದವಿಲ್ಲ. ಅವನನ್ನು ಕೇಳಿಯೇ ಇಲ್ಲ ಎಂಬುದು ನಮ್ಮ ವಾದ ಎಂದರು. ಅಧ್ಯಕ್ಷರು ಫೈಲು ತರಿಸಿಕೊಂಡು ಓದಿದರು. ಟಿಪ್ಪಣಿಯ ತಾರೀಖು ಆದೇಶಕ್ಕಿಂತ ಒಂದು ದಿನ ಮುಂಚಿನದು ಎಂದು ಗುರುತು ಮಾಡಿಕೊಂಡರು. ಆಮೇಲೆ, ಈ ಗುಮಾಸ್ತ ಈಗಲೂ ಕೆಲಸದಲ್ಲಿದ್ದಾನೆಯೇ ಎಂದು ಕೇಳಿದರು.

ಸರ್ಕಾರಿ ವಕೀಲರು ಫೈಲು ತಂದವನೇ ಅವನು ಎಂದು ಕೈ ತೋರಿಸಿದರು.

ಅಧ್ಯಕ್ಷರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಗದರುವ ಮುಖವಲ್ಲ. ನಿಲ್ಲಬೇಕಾಯಿತು, ನಿಂತೆ. "ನೀವು ಪ್ರಮಾಣ ಮಾಡಿ ಹೇಳ್ತಿಲ್ಲ, ಸುಮ್ಮನೆ ಕೇಳ್ತಿದ್ದೀನಿ," ಎಂದರು. "ಈ ಟಿಪ್ಪಣೀಲಿ ನಿಮ್ಮ ಬಗ್ಗೆ ಬರೆದಿರೋದಕ್ಕೆ ನಿಮ್ಮ ತಕರಾರು ಏನಾದ್ರೂ ಇದೆಯಾ?"

ಇಷ್ಟು ನೇರವಾಗಿ ಅಧಿಕಾರದಲ್ಲಿದ್ದವರು ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ. ಹಾಳೆ ಎದೆಯ ಮೇಲೇ ಇತ್ತು. ಕೈ ಅಲ್ಲಿಯವರೆಗೆ ಹೋಯಿತು. ಹೋದ ಕೈ ನಡುಗುತ್ತಿತ್ತು, ಇಡೀ ಕೋಣೆಗೆ ಕಾಣುವ ಹಾಗೆ. ಸಾಹೇಬರ ಮೇಜಿನ ಮೇಲಿದ್ದ ಪುಸ್ತಕ ಕಣ್ಣ ಮುಂದೆ ಬಂತು. ಗೋಡೆ ಮುಟ್ಟಿಕೊಂಡು ಬರುವ ಅಮ್ಮ ಬಂದಳು. ಕೈ ಇಳಿಸಿದೆ.

"ಸ್ವಾಮಿ," ಎಂದೆ. ಮುಂದೆ ಮಾತು ಹೊರಡಲಿಲ್ಲ.

ಸರ್ಕಾರಿ ವಕೀಲರು ಮೆಲ್ಲಗೆ, "ಎರಡೂವರೆ ವರ್ಷ ಆದ್ಮೇಲೂ ಸ್ಥಿತಿ ಹೀಗಿದೆ ಸ್ವಾಮಿ. ಆಪಾದಿತ ಇದೇ ಕೋಣೇಲಿ ಕೂತಿದ್ದಾನೆ," ಎಂದರು. ಅಧ್ಯಕ್ಷರು ಕೊನೆಯ ಸಾಲಿನ ಕಡೆ ನೋಡಿ, ಮತ್ತೆ ನನ್ನ ಕೈ ನೋಡಿ, ಕೂತುಕೊಳ್ಳಿ ಎಂದು ಸನ್ನೆ ಮಾಡಿದರು. ಹಾಳೆಯಲ್ಲಿ ಏನೋ ಬರೆದುಕೊಂಡರು. ನನ್ನ ಭಯ ನಿಜ. ಅದು ಯಾರ ಭಯ ಎಂದು ಮಾತ್ರ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅರ್ಜಿ ವಜಾ ಎಂದು ಮಧ್ಯಾಹ್ನ ಹೇಳಿದರು. ಕಾರಣಗಳನ್ನು ಮುಂಚಿತವಾಗಿ ದಾಖಲಿಸಲಾಗಿದೆ, ಅವು ಸಂಗತವಾಗಿವೆ, ಅವು ಎಷ್ಟು ಸಮರ್ಪಕ ಎಂಬುದನ್ನು ಈ ಮಂಡಳಿ ಅಳೆಯುವುದಿಲ್ಲ.

ಹೊರಗಿನ ಮೆಟ್ಟಿಲ ಹತ್ತಿರ ಅವರಿಬ್ಬರೂ ನಿಂತಿದ್ದರು. ಬೇರೆ ದಾರಿ ಇರಲಿಲ್ಲ. ಅವನ ಹೆಂಡತಿ ಮುಖ ತಿರುಗಿಸಿಕೊಂಡಳು. ಎಣಿಕೆಯಣ್ಣ ಬೈಯಲಿಲ್ಲ. "ಅಮ್ಮ ಹೇಗಿದ್ದಾರೆ?" ಎಂದು ಕೇಳಿದ. ಪರವಾಗಿಲ್ಲ ಎಂದೆ.

"ಒಳಗೆ ಎಷ್ಟು ಜನ ಇದ್ರು ಗೊತ್ತಾ ಗುಮಾಸ್ತ್ರೇ?" ಎಂದ. "ಮೊದ್ಲು ಎಣಿಸ್ದಾಗ ಹದಿನಾಲ್ಕು. ಕೊನೇಲಿ ಹದಿಮೂರು."

ಎದ್ದು ಹೋದವರು ಯಾರೂ ಇರಲಿಲ್ಲ.

ಮರುದಿನ ತೀರ್ಪಿನ ಪ್ರತಿ ಬಂತು. ಅವನ ಸೇವಾ ಪುಸ್ತಕ ತೆಗೆದು ಕೊನೆಯ ನಮೂದು ಮಾಡಿದೆ. ನೌಕರನ ಸಹಿಯ ಅಂಕಣ ಖಾಲಿ ಉಳಿಯಿತು. ದಾರ ಕಟ್ಟಿ ಮುಚ್ಚಿದ ಫೈಲುಗಳ ಕಪಾಟಿಗೆ ಇಟ್ಟೆ. ಅಷ್ಟರಲ್ಲಿ ಹೊಸ ವಾರ್ಡರ್‌ನ ನೇಮಕದ ಕರಡು ಬಂತು. ಸರ್ಕಾರದ ಇಚ್ಛೆ ಇರುವಷ್ಟು ಕಾಲ ಎಂಬ ಸಾಲಿಗೆ ಬಂದಾಗ ಬೆರಳು ತಾನಾಗಿ ಓಡಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಮೂರು ಪ್ರತಿ ತೆಗೆದೆ.

ಈಗ ಅಮ್ಮ ಬೆಳಗ್ಗೆ ಪದ್ಯ ಶುರು ಮಾಡಿದರೆ ನಾನು ನಲ್ಲಿ ತಿರುಗಿಸಿ ಬಕೆಟ್‌ಗೆ ಸದ್ದಾಗುವ ಹಾಗೆ ನೀರು ಬಿಡುತ್ತೇನೆ. ಅದು ತುಂಬುವಷ್ಟರಲ್ಲಿ ಅವಳ ಪದ್ಯ ಮುಗಿದಿರುತ್ತದೆ.