ನೀವಿಟ್ಟ ಹೆಸರು ಸಮೇತ

ಲಕ್ಷ್ಮೀಕಾಂತನ ಹೊಟ್ಟೆ ಉರಿಯತೊಡಗಿದ್ದು ದೀಪಾ ಬರೆದ ಮೊದಲ ವಾಕ್ಯ ಓದಿದಾಗ. ‘ಟ್ರ್ಯಾಕ್ಟರ್ ಹುಡುಕುವಾಗ ನೀವು ಎಲ್ಲಿದ್ದೀರಿ ಅಂತ ನಾವು ನೋಡ್ತೀವಿ, ಆಪ್ ಮುಚ್ಚಿದ ಮೇಲೆ ನೋಡಲ್ಲ.’ ಇಷ್ಟೇ. ಇದನ್ನು ಬರೆಯಲು ಬರವಣಿಗೆ ಯಾಕೆ ಬೇಕು, ಬಾಯಿ ಸಾಕಲ್ಲ ಎಂದು ಅವನು ಮನಸ್ಸಿನಲ್ಲೇ ಅಂದುಕೊಂಡ. ಅಂದುಕೊಂಡು ಇನ್ನೊಂದು ಸಲ ಓದಿದ. ತೆಗೆದುಹಾಕಲು ಒಂದು ಪದವೂ ಸಿಗಲಿಲ್ಲ. ಉರಿ ಇನ್ನೊಂದು ಅಂಗುಲ ಮೇಲಕ್ಕೇರಿತು.

ಹಿರಿಯೂರಿನಲ್ಲಿ ಗೊಬ್ಬರದಂಗಡಿಯ ಮಹಡಿಯ ಮೇಲಿತ್ತು ಅವರ ಆಫೀಸು. ರೈತರು ಸೇರಿ ಕಟ್ಟಿಕೊಂಡ ಕಂಪನಿ, ಅಧ್ಯಕ್ಷೆ ಚಂದ್ರಕ್ಕ. ಉಳುವುದಕ್ಕೆ ಟ್ರ್ಯಾಕ್ಟರು, ಸಾಗಿಸುವುದಕ್ಕೆ ಗೂಡ್ಸ್ ಗಾಡಿ ಬೇಕಾದವರು ಫೋನಿನಲ್ಲೇ ಕರೆಸಿಕೊಳ್ಳಲೆಂದು ‘ಗಾಡಿ ಗೆಳೆಯ’ ಎಂಬ ಆಪ್ ಮಾಡಿಸಿದ್ದರು. ಆ ಹೆಸರು ಲಕ್ಷ್ಮೀಕಾಂತನದು. ಆಪಿನೊಳಗಿನ ಕನ್ನಡವೆಲ್ಲ ಅವನದೇ. ಹೊಳಲ್ಕೆರೆಯ ಶಾಲೆಯಲ್ಲಿದ್ದಾಗಿಂದ ಪದಗಳ ಜೊತೆ ಚೆಲ್ಲಾಟವಾಡುತ್ತ ಬೆಳೆದವನು ಅವನು.

ಆಪಿನ ಗೌಪ್ಯತಾ ನೀತಿಯನ್ನೂ ಅವನೇ ಬರೆದಿದ್ದ, ಹನ್ನೊಂದು ಪುಟ. ‘ಬಳಕೆದಾರರ ಸ್ಥಾನಿಕ ದತ್ತಾಂಶ ಹಾಗೂ ಸಂಪರ್ಕ ಮಾಹಿತಿಯನ್ನು ಸೇವಾ ಸುಧಾರಣೆಯ ನಿಮಿತ್ತ ಸಂಗ್ರಹಿಸಲಾಗುವುದು’ ಎಂದು ಶುರುವಾಗುತ್ತಿದ್ದ ಅದು, ಓದಿದವರಿಗೂ ಗೌಪ್ಯವಾಗಿಯೇ ಉಳಿಯುತ್ತಿತ್ತು. ಆಪ್ ಇನ್ನೂ ಊರವರ ಕೈಗೆ ಹೋಗಿರಲಿಲ್ಲ; ಪರೀಕ್ಷೆಗೆಂದು ಹಾಕಿಕೊಂಡಿದ್ದ ಆಫೀಸಿನವರು ಒಪ್ಪಿಗೆ ಒತ್ತಿ ತೆಪ್ಪಗಾಗಿದ್ದರು. ಅಷ್ಟರಲ್ಲಿ ಯಾರೋ ವಕೀಲರು ಚಂದ್ರಕ್ಕನಿಗೆ ಹೇಳಿದ್ದರು: ಜನರ ಮಾಹಿತಿ ತಗೊಳ್ಳುವವರು ಏನು ತಗೊಳ್ಳುತ್ತೇವೆ, ಯಾತಕ್ಕೆ ತಗೊಳ್ಳುತ್ತೇವೆ ಅನ್ನುವುದನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು, ಇಲ್ಲದಿದ್ದರೆ ಆ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಚಂದ್ರಕ್ಕ ಆ ಕೆಲಸವನ್ನು ಕೊಟ್ಟಿದ್ದು ಯಲ್ಲದಕೆರೆಯಿಂದ ಹೊಸದಾಗಿ ಕೆಲಸಕ್ಕೆ ಸೇರಿದ್ದ ದೀಪಾಗೆ. ಎರಡನ್ನೂ ಐಮಂಗಲದಲ್ಲಿ ಜನರ ಮುಂದೆ ಓದಿ ನೋಡೋಣ, ಯಾರದು ಗೆಲ್ಲುತ್ತೋ ಅವರೇ ಮುಂದೆ ಆಪಿನ ಕನ್ನಡ ನೋಡಿಕೊಳ್ಳಲಿ ಎಂದೂ ಹೇಳಿದ್ದರು. ಕನ್ನಡ ಕೈತಪ್ಪಿದರೆ ಲಕ್ಷ್ಮೀಕಾಂತನಿಗೆ ಆಫೀಸಿನಲ್ಲಿ ಉಳಿಯುವುದು ಕುರ್ಚಿ ಮಾತ್ರ.

ಐಮಂಗಲದಲ್ಲಿ ಕಂಪನಿಯ ಸದಸ್ಯೆ ಸಿದ್ದಕ್ಕನ ಮನೆಯ ಚಪ್ಪರದಡಿ ಏಳೆಂಟು ಜನ ಕೂತಿದ್ದರು. ಹೈವೇ ಲಾರಿಗಳ ಸದ್ದಿಗೆ ದನಿ ಏರಿಸಿ ಲಕ್ಷ್ಮೀಕಾಂತ ತನ್ನದನ್ನು ಓದಿದ. ಯಾರೂ ಏನೂ ಕೇಳಲಿಲ್ಲ. ಸಂಪರ್ಕ ಮಾಹಿತಿ ಅಂದರೆ ಏನೆಂದು ದೀಪಾ ವಿಚಾರಿಸಿದಾಗ ಸಿದ್ದಕ್ಕ, ಅದೇನ್ ಮಹಾ, ನನ್ನ ನಂಬರು ತಾನೆ, ಬರ್ಕಳ್ರಿ ಎಂದು ಹತ್ತೂ ಅಂಕಿ ಹೇಳಿಯೇಬಿಟ್ಟಳು. ಉಳಿದವರೂ ತಲೆಯಾಡಿಸಿದರು. ಲಕ್ಷ್ಮೀಕಾಂತ ಎದೆಯುಬ್ಬಿಸಿ ಕೂತ.

ಆಮೇಲೆ ದೀಪಾ ಓದಿದಳು. ನೀವೆಲ್ಲಿದ್ದೀರಿ ಎಂದು ನೋಡುವ ಮಾತಿಗೆ, ನೋಡದೆ ಹತ್ತಿರದ ಟ್ರ್ಯಾಕ್ಟರು ಹೆಂಗೆ ಸಿಗ್ತೈತೆ ಎಂದು ಎಲ್ಲರೂ ಒಪ್ಪಿದರು. ಎರಡನೆಯ ವಾಕ್ಯಕ್ಕೆ ಬಂದಳು. ‘ನಿಮ್ಮ ಪರಿಚಯದವರು ಯಾರ ಗಾಡಿ ಕರೆಸಿದ್ದರು ಅಂತ ತೋರಿಸೋಕೆ, ನಿಮ್ಮ ಫೋನಿನಲ್ಲಿರೋ ಎಲ್ಲರ ನಂಬರು, ನೀವಿಟ್ಟ ಹೆಸರು ಸಮೇತ, ನಮ್ಮ ಕಂಪ್ಯೂಟರಿಗೆ ಬರುತ್ತೆ. ಬೇಡ ಅಂದರೂ ಆಪ್ ನಡೆಯುತ್ತೆ.’

ಸಿದ್ದಕ್ಕ ಮಡಿಲಲ್ಲಿದ್ದ ಫೋನನ್ನು ಸೆರಗಿನಡಿ ಸೇರಿಸಿದಳು.

“ನನ್ ನಂಬರು ತಗಳ್ರಿ, ಬ್ಯಾಡ ಅನ್ನಲ್ಲ. ನಮ್ಮತ್ತಿಗೆ ನಂಬರು ಕೊಡಾಕೆ ನಾನ್ಯಾರವ್ವ? ಅವಳ್ನ ಕೇಳಿದೀರಾ?”

ಒಬ್ಬರಾದ ಮೇಲೊಬ್ಬರು ಅದಕ್ಕೆ ಬೇಡ ಎಂದರು. ದೀಪಾಳ ಮುಖ ಸಣ್ಣಗಾಯಿತು. ಬಸ್ಸಿನಲ್ಲಿ ವಾಪಸು ಬರುವಾಗ ಲಕ್ಷ್ಮೀಕಾಂತ ಕಿಟಕಿ ಪಕ್ಕ ಕೂತು ಹಾಡು ಗುನುಗಿದ. ಅವಳ ವಾಕ್ಯ ಅವಳನ್ನೇ ನುಂಗಿತ್ತು. ಆ ‘ಹೆಸರು ಸಮೇತ’ ಅನ್ನುವುದಂತೂ ಬರೀ ಹೆದರಿಸಲು ಹಾಕಿದ ಒಗ್ಗರಣೆ ಎಂದು ಅವನಿಗೆ ಖಾತ್ರಿಯಾಗಿತ್ತು. ಆಪ್ ತಯಾರಿಸಿದ ದುರ್ಗೇಶನನ್ನು ಅವನು ಈ ಬಗ್ಗೆ ಕೇಳಿರಲಿಲ್ಲ. ತನ್ನ ಹನ್ನೊಂದು ಪುಟವನ್ನು ಇನ್ಯಾವುದೋ ಆಪಿನ ಇಂಗ್ಲಿಷಿನಿಂದ ಇಳಿಸಿಕೊಂಡಿದ್ದ.

ಮಹಡಿಯ ಆಫೀಸಿನಲ್ಲಿ ಚಂದ್ರಕ್ಕ, ದುರ್ಗೇಶ, ದೀಪಾ ಕೂತಿರುವಾಗ ಅವನೇ ಮಾತೆತ್ತಿದ. ತನ್ನ ನೀತಿಗೆ ಎಲ್ಲರೂ ಹೂಂ ಅಂದರು, ಇವಳದಕ್ಕೆ ಊಹೂಂ ಅಂದರು ಎಂದ. ಸರಳ ಮಾಡುವ ನೆಪದಲ್ಲಿ ಇವಳು ಜನರಿಗೆ ಉರುಳು ತೋರಿಸುತ್ತಿದ್ದಾಳೆ ಎಂದ. ಚಂದ್ರಕ್ಕ ಕನ್ನಡಕ ತೆಗೆದರು.

“ದೀಪಾ ಹೇಳಿದ್ಲು, ಸಿದ್ದಕ್ಕ ತನ್ ನಂಬರು ಕೇಳ್ತಾರೆ ಅನ್ಕಂಡು ಹೂಂ ಅಂದ್ಲಂತೆ. ನಾವು ತಗಳ್ಳೋದು ಊರವರ ನಂಬರು. ಹಂಗಾರೆ ಆ ಹೂಂ ಯಾತಕ್ಕಪ್ಪ ಬಂತು?”

ಲಕ್ಷ್ಮೀಕಾಂತ ಜಾಡು ಬದಲಿಸಿದ. ಸಂಪರ್ಕ ಎಂಬ ಪದದಲ್ಲಿ ಎರಡೂ ಅಡಗಿವೆ ಎಂದ. ಬರುವುದು ಬರೀ ಅಂಕಿ, ಅಂಕಿಗೆ ಅಂಕೆ ಮೀರಿ ಹೆದರುವುದೇಕೆ ಎಂದ. ಹೆಸರು ಬರುತ್ತದೆ ಅನ್ನುವುದು ಇವಳ ಕಟ್ಟುಕತೆ ಎಂದೂ ಸೇರಿಸಿದ. ದೀಪಾ ದುರ್ಗೇಶನ ಕಡೆ ನೋಡಿದಳು. ಅವನು ತಲೆ ಕೆರೆದುಕೊಂಡ.

“ಬರ್ತವೆ ಸರ್. ಪರಿಚಯದವರ್ನ ಹೊಂದಿಸಾಕೆ ನಂಬರೊಂದೇ ಸಾಕಾಗಿತ್ತು, ನಾನೇ ಹೆಸರನ್ನೂ ಬಿಡದೆ ತಂದ್ಬಿಟ್ಟೀನಿ. ಈಗ ಇರೋದು ನಮ್ಮ ಆಫೀಸಿನೋರ ಫೋನಿಂದ ಬಂದಿದ್ದು ಅಷ್ಟೇ. ನಿಮ್ದೇ ತೆಗೆದು ತೋರಿಸ್ಲಾ?”

ತನ್ನ ಫೋನಿನ ನಂಬರುಗಳಿಗೂ ಅನುಮತಿ ಒತ್ತಿದ್ದು ಲಕ್ಷ್ಮೀಕಾಂತನಿಗೆ ಮರೆತೇಹೋಗಿತ್ತು. ಅವನು ಗತ್ತಿನಿಂದಲೇ ಹೇಳಿದ.

“ತೆಗಿಯಪ್ಪ. ನಂದೇನು ಗುಟ್ಟೈತೆ.”

ದುರ್ಗೇಶ ಕಂಪ್ಯೂಟರನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದ. ಒಂದು ಕಡೆ ನಂಬರು, ಪಕ್ಕದಲ್ಲಿ ಹೆಸರು. ಲಕ್ಷ್ಮೀಕಾಂತನ ಚೆಲ್ಲಾಟವೆಲ್ಲ ಅಲ್ಲಿ ಸಾಲಾಗಿ ನಿಂತಿತ್ತು. ದುರ್ಗೇಶನ ನಂಬರಿನ ಪಕ್ಕ ‘ದುರ್ಗತಿ’. ಚಂದ್ರಕ್ಕನದಕ್ಕೆ ‘ಚಂದ್ರಗ್ರಹಣ’. ದೀಪಾಳದಕ್ಕೆ ‘ಮಿಣುಕು ದೀಪ’.

ಕೆಳಗೆ ಅಂಗಡಿಯಲ್ಲಿ ಯಾರೋ ಯೂರಿಯಾ ಕೇಳುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು.

ಮೊದಲು ನಕ್ಕಿದ್ದು ದುರ್ಗೇಶ. ಚಂದ್ರಕ್ಕನ ಮುಖ ಕಂಡು ಅರ್ಧಕ್ಕೇ ನಿಲ್ಲಿಸಿದ. ಚಂದ್ರಕ್ಕ ಕನ್ನಡಕ ಹಾಕಿಕೊಂಡು ತಮ್ಮ ಹೆಸರನ್ನು ಸಾವಕಾಶವಾಗಿ ಓದಿದರು.

“ಗ್ರಹಣ ಹಿಡಿದ್ರೂ ಬಿಡ್ತೈತಪ್ಪ. ಸಿದ್ದಕ್ಕನ ಫೋನಲ್ಲಿ ಯಾರ್ಯಾರಿಗೆ ಏನೇನು ಹೆಸರಿಟ್ಟವ್ಳೋ. ಅದನ್ನ ನೋಡೋ ಹಕ್ಕು ನಮಗೈತಾ?”

ಅಲ್ಲಿಗೆ ತೀರ್ಮಾನವಾಯಿತು. ಪರಿಚಯದವರನ್ನು ತೋರಿಸುವ ಸೌಲಭ್ಯವೇ ಬೇಡ. ಬೇರೆಯವರಿಗೆ ಗಾಡಿ ಕರೆಸಬೇಕಾದವರು ಆ ಒಬ್ಬರ ನಂಬರನ್ನು ತಾವೇ ಆರಿಸಿ ಕೊಡಲಿ, ಉಳಿದವು ಫೋನಿನಲ್ಲೇ ಇರಲಿ. ದುರ್ಗೇಶ ಆಪ್ ತಿದ್ದಬೇಕು, ದೀಪಾ ಅದಕ್ಕೆ ತಕ್ಕಂತೆ ವಾಕ್ಯ ತಿದ್ದಬೇಕು. ಆಪಿನ ಕನ್ನಡ ಇನ್ನು ಯಾರದೆಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಲಕ್ಷ್ಮೀಕಾಂತ ತನ್ನ ಕುರ್ಚಿಗೆ ಹೋಗಿ ಫೋನ್ ತೆಗೆದು ಅನುಮತಿಯನ್ನು ರದ್ದು ಮಾಡಿದ. ದುರ್ಗೇಶನ ಬಳಿ ಬಗ್ಗಿ, ಹೋಯ್ತಾ ಎಂದು ಪಿಸುಗುಟ್ಟಿದ. ಅದರಿಂದ ಇನ್ನು ಮುಂದೆ ಬರುವುದು ನಿಲ್ಲುತ್ತದೆ, ಬಂದಿದ್ದು ಹಂಗೇ ಇರುತ್ತದೆ ಎಂದ ದುರ್ಗೇಶ. ಅಳಿಸಬೇಕಾದರೆ ಕೇಳಬೇಕು. ಯಾರನ್ನು ಕೇಳಬೇಕೆಂದು ದೀಪಾಳ ಪುಟದ ಕೊನೆಯಲ್ಲೇ ಇತ್ತು: ‘ನಿಮ್ಮ ಮಾಹಿತಿ ಬೇಡ ಅನ್ನಿಸಿದರೆ ಅಳಿಸಿ ಅಂತ ಕೇಳಿ, ಅಳಿಸ್ತೀವಿ. ಕೇಳಬೇಕಾದವರು: ದೀಪಾ.’ ಕೇಳುವವರು ಯಾರಿದ್ದಾರೆ ಎಂದು ಈ ಸಾಲಿಗೆ ಬೆಳಿಗ್ಗೆ ನಕ್ಕಿದ್ದವನು ಅವನೇ.

ಎದುರು ಕುರ್ಚಿಯಲ್ಲಿದ್ದವಳಿಗೆ ಬಾಯಲ್ಲಿ ಹೇಳಲಾಗದೆ ಮೆಸೇಜು ಬರೆಯತೊಡಗಿದ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಬರೆದು ಅಳಿಸಿದ. ‘ಸದರಿ ದತ್ತಾಂಶವನ್ನು’ ಎಂದು ಬರೆದು ಅದನ್ನೂ ಅಳಿಸಿದ. ಕೊನೆಗೆ, ‘ನನ್ನ ಫೋನಿಂದ ಬಂದ ಹೆಸರು ಅಳಿಸಿಬಿಡಿ’ ಎಂದು ಕಳಿಸಿದ. ಜೀವನದಲ್ಲೇ ಅವನು ಬರೆದ ಅತಿ ಸರಳ ವಾಕ್ಯ ಅದು.

ದೀಪಾ ತಲೆಯೆತ್ತಲಿಲ್ಲ. ತುಸು ಹೊತ್ತಿಗೆ ಉತ್ತರ ಬಂತು.

‘ಇಲ್ಲಿ ಅಳಿಸಿದೀವಿ ಸರ್. ನಿಮ್ಮ ಫೋನಲ್ಲಿರೋದನ್ನ ನೀವೇ ಅಳಿಸಬೇಕು.’

ಅವನು ಎರಡು ಸಲ ಓದಿದ. ತೆಗೆದುಹಾಕಲು ಒಂದು ಪದವೂ ಸಿಗಲಿಲ್ಲ. ಹೊಟ್ಟೆಯಲ್ಲಿ ಮತ್ತೆ ಅದೇ ಉರಿ. ಫೋನಿನಲ್ಲಿ ಅವಳ ಹೆಸರು ತೆರೆದು ‘ಮಿಣುಕು’ ಅಳಿಸಿದ. ಉಳಿದದ್ದು ಬರೀ ದೀಪ. ಅದು ಇನ್ನಷ್ಟು ಹೊಟ್ಟೆ ಉರಿಸಿತು.