ನಲವತ್ತು ಬಾಕ್ಸಿಗೂ ಕೆಂಪು ಚೀಟಿ

ನಮ್ಮ ಗುಡಿಬಂಡೆಯ ಸೋಲಾರ್ ಪ್ಲಾಂಟಿನ ಡಿಸೈನ್ ಎಂಜಿನಿಯರ್ ರಘುನಾಥ್ ಸಾರ್‌ಗೆ ತಮ್ಮ ನಕ್ಷೆಯೇ ದೇವರು. ಒಂದರ ಬೆನ್ನಿಗೊಂದು ಜೋಡಿಸುವ ಸಾಲಿಗೆ, ಅಂದರೆ ಒಂದು ಸ್ಟ್ರಿಂಗಿಗೆ, ಇಪ್ಪತ್ತಿದ್ದ ಪ್ಯಾನೆಲ್ಲುಗಳನ್ನು ಇಪ್ಪತ್ತೆಂಟು ಮಾಡಿ, ಕೇಬಲ್ ಉಳಿಸಿದೆನೆಂದು ವಾರವೆಲ್ಲ ಬೀಗಿದರು. ಹೊಸ ಸ್ಟ್ರಿಂಗಿಗೆ ಸಾವಿರದೈನೂರು ವೋಲ್ಟ್ ತಾಳುವ ಸಾಮಾನು ಬೇಕು. ಸ್ಟ್ರಿಂಗುಗಳೆಲ್ಲ ಬಂದು ಸೇರುವ ಕಂಬೈನರ್ ಬಾಕ್ಸುಗಳಿಗೆ ಮಾತ್ರ ಈ ಮಹಾಶಯರು ಹಳೆಯ ಆರ್ಡರನ್ನೇ ಕಳಿಸಿದ್ದರು.

ನಾನು ಗಾರ್ಮೆಂಟ್ಸಿನಲ್ಲಿ ಆರು ವರ್ಷ ಚೆಕ್ಕರ್ ಆಗಿದ್ದು, ಊರಿಗೆ ಮರಳಿ ಇಲ್ಲಿ ಚೆಕಿಂಗಿಗೆ ಸೇರಿದವಳು. ಏನೇ ಬಂದರೂ ಮೊದಲು ಲೇಬಲ್ ಓದುವುದು ಅಭ್ಯಾಸ. ಬಾಕ್ಸ್ ತೆರೆದರೆ ಫ್ಯೂಸಿನ ಮೇಲೆ ಸಾವಿರ ವೋಲ್ಟ್ ಎಂದಿತ್ತು.

"ಸಾರ್, ಇದು ತಡ್ಕೊಳಲ್ಲ. ಚಳಿ ಬೆಳಿಗ್ಗೆ ವೋಲ್ಟೇಜ್ ಇನ್ನೂ ಏರ್ತೈತೆ."

"ಅಂಗಿ ನೋಡ್ತಿದ್ದೋಳು ನಂಗೆ ವೋಲ್ಟೇಜ್ ಹೇಳ್ತೀಯಾ? ಟ್ರಾನ್ಸ್‌ಫಾರ್ಮರ್ ರೆಡಿ, ಸಬ್‌ಸ್ಟೇಷನ್‌ವರೆಗೆ ಮೂವತ್ತಮೂರು ಕೆವಿ ಲೈನ್ ರೆಡಿ. ನಾಳೆ ಕರೆಂಟ್ ಬಿಟ್ಟು ಚಾರ್ಜ್ ಮಾಡೋದೇ."

ಇಂಥವರೊಡನೆ ವಾದ ಮಾಡಿದರೆ ಬಾಯಿ ನೋವಷ್ಟೇ. ಗಾರ್ಮೆಂಟ್ಸಿನಲ್ಲಿ ತಪ್ಪಿದ್ದ ಅಂಗಿಗೆ ಮಾಡುತ್ತಿದ್ದಂತೆ ನಲವತ್ತು ಬಾಕ್ಸಿಗೂ ಕೆಂಪು ಚೀಟಿ ಕಟ್ಟಿದೆ.

ಮರುದಿನ ಬೆಳಿಗ್ಗೆ ತಪಾಸಣೆಗೆ ಬಂದ ಅಧಿಕಾರಿ ಸ್ಟ್ರಿಂಗಿಗೆ ಮೀಟರ್ ಹಿಡಿದರು. ಸಾವಿರದ ನಾನೂರು ತೋರಿಸಿತು. ಫ್ಯೂಸ್ ನೋಡಿ, ಚಾರ್ಜ್ ಮಾಡುವುದಿಲ್ಲ ಎಂದರು.

"ಚೆಕಿಂಗ್ ಇವಳದು ಸಾರ್," ಎಂದು ರಘುನಾಥ್ ಸಾರ್ ನನ್ನತ್ತ ಬೆರಳು ತೋರಿಸಿದರು.

ಅಧಿಕಾರಿ ಚೀಟಿ ತಿರುಗಿಸಿದರು. ಗಾರ್ಮೆಂಟ್ಸಿನ ಚೀಟಿಯಲ್ಲಿ ತಪ್ಪಿನ ಕೆಳಗೆ, ಹೊಲಿದವರ ಹೆಸರನ್ನೂ ಬರೆಯಬೇಕು. ನಾನು ನಲವತ್ತು ಸಲವೂ ತಪ್ಪದೆ ಬರೆದಿದ್ದೆ.

"ರಘುನಾಥ್ ಅಂದ್ರೆ ಯಾರು?" ಎಂದು ಅವರು ಕೇಳಿದರು.