ಮಾವನ ಶುಂಠಿಗೂ ಕಾಗದ

ಸರಕು ಸಾಗಣೆ ಕಚೇರಿಯಲ್ಲಿ ಹಡಗಿನ ಬುಕಿಂಗ್ ನೋಡಿಕೊಳ್ಳುವವಳು ನಾನು. ಮೊದಲ ಸಲ ಶುಂಠಿ ರಫ್ತಿಗೆ ಕೈಹಾಕಿದ್ದ ಸೋದರಮಾವ ಬಂದು ನನ್ನ ಮೇಜಿನೆದುರು ಕಾಲು ಚಾಚಿ ಕೂತರು.

"ಕಂಟೇನರ್ ಬುಕ್ ಮಾಡಮ್ಮ."

"ಫೈಟೋ ಎಲ್ಲಿ ಮಾವ? ಮಾಲಿನಲ್ಲಿ ರೋಗ, ಹುಳ ಇಲ್ಲ ಅನ್ನೋ ಸರ್ಟಿಫಿಕೇಟು. ಯಾವ ದೇಶದಲ್ಲಿ ಬೆಳೆದದ್ದು ಅನ್ನೋ ಮೂಲದ ಕಾಗದವೂ ಬೇಕು."

"ನನ್ನ ತೊಡೆ ಮೇಲೆ ಬೆಳೆದವಳು ನನ್ನ ಹತ್ರಾನೇ ಕಾಗದ ಕೇಳ್ತೀಯಾ? ನೀನು ಬುಕ್ ಮಾಡು, ಕಾಗದ ಹಿಂದಿಂದ ಬರತ್ತೆ."

"ಹಡಗು ಕಾಯಲ್ಲ ಮಾವ."

ಮುಖ ಊದಿಸಿಕೊಂಡು ಎದ್ದುಹೋದರು. ನನಗೂ ಮೂಗಿನ ತುದಿಯಲ್ಲೇ ಕೋಪ, ಅವರನ್ನು ತಡೆಯಲಿಲ್ಲ.

ಕೊನೆಗೆ ಮಾವನೇ ಓಡಾಡಿದ ಮೇಲೆ ಮೂಲದ ಕಾಗದ ವಾಣಿಜ್ಯ ಸಂಘದಲ್ಲಿ ಸಿಕ್ಕಿತು. ಫೈಟೋ ಕೊಡುವ ಅಧಿಕಾರಿ ಗೋದಾಮಿಗೇ ಬಂದು ಪೆಟ್ಟಿಗೆ ತೆರೆಸಿದರು. ಶುಂಠಿ ಚಿನ್ನದಂತಿತ್ತು. ಆದರೆ ಪೆಟ್ಟಾಗದಿರಲೆಂದು ಅತ್ತೆ ಅದರಡಿ ಮಗುವಿಗೆ ಹಾಸಿದ ಹಾಗೆ ಒಣಹುಲ್ಲು ಹಾಸಿದ್ದರು.

"ಹುಲ್ಲಲ್ಲೂ ಹುಳ ಹೋಗತ್ತೆ, ಆ ದೇಶದವರು ಒಪ್ಪಲ್ಲ. ಅದನ್ನ ತೆಗೆದ ಮೇಲೆ ನನ್ನನ್ನ ಮತ್ತೆ ಕರೀರಿ" ಎಂದು ಅಧಿಕಾರಿ ಹೊರಟರು.

ಆ ಭಾನುವಾರ ಮನೆಮಂದಿಯೆಲ್ಲ ಗೋದಾಮಿನಲ್ಲಿ ಕೂತು, ಹರಟುತ್ತಾ ಹುಲ್ಲು ತೆಗೆದು, ಹೊಸ ಪೆಟ್ಟಿಗೆಗಳಿಗೆ ಶುಂಠಿ ತುಂಬಿದೆವು. ಅತ್ತೆ ಮಾತ್ರ "ಬರಿಮೈಯಲ್ಲಿ ಕಳಿಸ್ತಿದೀರಲ್ಲ" ಎಂದು ಗೊಣಗುತ್ತಲೇ ಇದ್ದರು.

ಮತ್ತೆ ತಪಾಸಣೆಯಾಗಿ, ಮಾವ ಎರಡೂ ಕಾಗದ ಹಿಡಿದು ಬಂದಾಗ ಈರುಳ್ಳಿ ವ್ಯಾಪಾರಿಯೊಬ್ಬರು "ಮೊದಲು ಬುಕ್ ಮಾಡ್ರೀ, ಕಾಗದ ಆಮೇಲೆ" ಎಂದು ನನ್ನೊಡನೆ ಜಗಳಕ್ಕೆ ನಿಂತಿದ್ದರು.

ಮಾವ ಅವರ ಹೆಗಲ ಮೇಲೆ ಕೈಯಿಟ್ಟು ಎದೆಯುಬ್ಬಿಸಿ ಹೇಳಿದರು:

"ಸುಮ್ನೆ ಕಾಗದ ತನ್ನಿ ಸ್ವಾಮಿ. ಎತ್ತಿ ಆಡಿಸಿದ ಸೋದರಮಾವ ನಾನು, ನನಗೇ ಮಾಡಿಕೊಡ್ಲಿಲ್ಲ ಇವಳು!"